ಕಂಡಷ್ಟಕ್ಕೆ ಸಹಿ

ಮೂರು ವರ್ಷದಿಂದ ನನ್ನ ತಂಡದಲ್ಲಿದ್ದ ಹುಡುಗಿ 2024ರ ಏಪ್ರಿಲ್‌ನಲ್ಲಿ ಒಂದು ಸಂಜೆ ನನ್ನ ಮೇಜಿನ ಬಳಿ ಬಂದು ನಿಂತಳು. ಕೈಯಲ್ಲಿ ಒಂದು ಹಾಳೆ ಇತ್ತು. "ಸರ್, ಲೆಟರ್ ನಾನೇ ಟೈಪ್ ಮಾಡ್ಕೊಂಡು ಬಂದಿದೀನಿ. ನೀವು ಸೈನ್ ಹಾಕಿಕೊಟ್ಟರೆ ಸಾಕು" ಎಂದಳು. ತುಮಕೂರು ಕಡೆಯವಳು, ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮಾಡಿದವಳು. ರಾತ್ರಿ ಪಾಳಿ ಮುಗಿಸಿ ಓದಿ, ಮಾರ್ಚ್ ನಡುವಿನಲ್ಲಷ್ಟೇ ಸಿಐಎಸ್‌ಎಸ್‌ಪಿ ಪರೀಕ್ಷೆ ಪಾಸು ಮಾಡಿದ್ದಳು. ಹಾಳೆ ಓದಿದೆ. ಅದಕ್ಕೆ ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ. ಕಾರಣ ಹೇಳಬೇಕಾದರೆ ಆ ಪತ್ರ ಯಾಕೆ ಬೇಕು ಎಂಬಲ್ಲಿಂದ ಶುರು ಮಾಡಬೇಕು.

ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವವರಿಗೆ ಸಿಐಎಸ್‌ಎಸ್‌ಪಿ ದೊಡ್ಡ ಪ್ರಮಾಣಪತ್ರ. ಅದನ್ನು ಕೊಡುವುದು ಐಎಸ್‌ಸಿ2 ಎಂಬ ಅಮೆರಿಕದ ಸಂಸ್ಥೆ. ಬೆಂಗಳೂರಿನ ಕಂಪನಿಗಳು ಸುರಕ್ಷತಾ ಹುದ್ದೆಗಳಿಗೆ ಕೊಡುವ ಜಾಹೀರಾತುಗಳಲ್ಲಿ ಈ ಹೆಸರು ಮತ್ತೆಮತ್ತೆ ಕಾಣುತ್ತದೆ. ಆದರೆ ಪರೀಕ್ಷೆ ಪಾಸಾದ ಮಾತ್ರಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ. ಸಂಸ್ಥೆ ಈ ಕ್ಷೇತ್ರವನ್ನು ಎಂಟು ವಿಭಾಗಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷ ಸಂಬಳದ ಕೆಲಸ ಮಾಡಿರಬೇಕು. ಸಂಬಂಧಪಟ್ಟ ಪದವಿ ಇದ್ದರೆ ಒಂದು ವರ್ಷ ರಿಯಾಯಿತಿ ಸಿಗುತ್ತದೆ. ಆ ಮೇಲೆ, ಈಗಾಗಲೇ ಐಎಸ್‌ಸಿ2 ಪ್ರಮಾಣಪತ್ರ ಪಡೆದು ಸದಸ್ಯತ್ವ ಉಳಿಸಿಕೊಂಡಿರುವ ಒಬ್ಬರು "ಇವರು ಹೇಳಿದ ಅನುಭವ ನನಗೆ ತಿಳಿದ ಮಟ್ಟಿಗೆ ನಿಜ" ಎಂದು ಅನುಮೋದಿಸಬೇಕು. ಇದಕ್ಕೇ ಎಂಡಾರ್ಸ್‌ಮೆಂಟ್ ಎನ್ನುವುದು. ಪರೀಕ್ಷೆ ಪಾಸಾದ ದಿನದಿಂದ ಒಂಬತ್ತು ತಿಂಗಳೊಳಗೆ ಇದು ಮುಗಿಯಬೇಕು.

ಇಲ್ಲಿ ಇಬ್ಬರು ಬೇರೆಬೇರೆ ವ್ಯಕ್ತಿಗಳಿದ್ದಾರೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅನುಮೋದಿಸುವವರು ಸಂಸ್ಥೆಯ ಸದಸ್ಯರಾಗಿರಬೇಕು, ಆದರೆ ಅವರು ನಿಮ್ಮ ಮೇಲಧಿಕಾರಿಯೇ ಆಗಿರಬೇಕೆಂದಿಲ್ಲ. ಅನುಭವದ ಪತ್ರ ಬರೆಯುವವರು ನಿಮ್ಮ ಕೆಲಸ ನೋಡಿದ ಮೇಲಧಿಕಾರಿ, ಅವರಿಗೆ ಸದಸ್ಯತ್ವ ಬೇಕಿಲ್ಲ. ಪರಿಚಯದ ಸದಸ್ಯರೇ ಇಲ್ಲದವರಿಗೆ ಸಂಸ್ಥೆ ತಾನೇ ಅನುಮೋದಕನಾಗಿ ನಿಲ್ಲುತ್ತದೆ, ಆಗ ಕಾಗದಪತ್ರಗಳನ್ನೇ ನೋಡಿ ತೀರ್ಮಾನಿಸುತ್ತದೆ. ಸದಸ್ಯರ ಅನುಮೋದನೆ ಇದ್ದರೂ ಕೆಲವು ಅರ್ಜಿಗಳನ್ನು ಯಾದೃಚ್ಛಿಕವಾಗಿ ಆರಿಸಿ ತಪಾಸಣೆ ಮಾಡುತ್ತಾರೆ. ಹೇಗೇ ಆದರೂ ಕೊನೆಗೆ ಮಾತು ಮೇಲಧಿಕಾರಿಯ ಪತ್ರಕ್ಕೆ ಬಂದು ನಿಲ್ಲುತ್ತದೆ.

ಈ ಹುಡುಗಿಯ ಮಟ್ಟಿಗೆ ನಾನು ಮೇಲಧಿಕಾರಿಯೂ ಹೌದು, ಸದಸ್ಯನೂ ಹೌದು. ಅವಳು ತಂದ ಹಾಳೆಯಲ್ಲಿ ಎಂಟು ವಿಭಾಗಗಳ ಹೆಸರೂ ಇದ್ದವು. ಅಪಾಯ ನಿರ್ವಹಣೆ, ಆಸ್ತಿಗಳ ಸುರಕ್ಷತೆ, ವಿನ್ಯಾಸ, ನೆಟ್‌ವರ್ಕ್ ಹೀಗೆ ಎಲ್ಲದರಲ್ಲೂ "ಅಪಾರ ಅನುಭವ ಹೊಂದಿದ್ದಾರೆ" ಎಂದಿತ್ತು. ಪರೀಕ್ಷೆಯ ಪಠ್ಯಕ್ರಮದ ವಾಕ್ಯಗಳೇ ಇಳಿದು ಬಂದಿದ್ದವು. ಇದರಲ್ಲಿ ಅವಳ ತಪ್ಪು ಹೆಚ್ಚಿಲ್ಲ. "ನೀವೇ ಬರ್ಕೊಂಡು ಬನ್ನಿ, ಸೈನ್ ಹಾಕ್ತೀನಿ" ಎನ್ನುವುದು ನಮ್ಮ ಆಫೀಸುಗಳ ರೂಢಿ. ಬರೆಯುವವರಿಗೆ ಕೆಲಸ ಗೊತ್ತು, ಆದರೆ ಯಾವುದು ಮುಖ್ಯವೆಂದು ಗೊತ್ತಿಲ್ಲ. ಸಹಿ ಹಾಕುವವರಿಗೆ ಓದಲು ಪುರುಸೊತ್ತಿಲ್ಲ. ಪಠ್ಯಕ್ರಮದ ಮಾತುಗಳೇ ಪತ್ರದಲ್ಲಿ ಕಂಡರೆ, ದಿನವೂ ಇಂಥ ಪತ್ರ ನೋಡುವ ಪರಿಶೀಲಕರಿಗೆ ಬರೆದವರು ಮೇಲಧಿಕಾರಿಯಲ್ಲ ಎಂದು ತಿಳಿಯುವುದು ಕಷ್ಟವಲ್ಲ.

"ಕೂತ್ಕೋಮ್ಮ, ನೀನು ಬಂದ ದಿನದಿಂದ ಏನೇನು ಮಾಡಿದೀಯ ಹೇಳು" ಎಂದೆ. ಇಬ್ಬರೂ ಒಂದು ಗಂಟೆ ಕೂತು ಲೆಕ್ಕ ಹಾಕಿದೆವು. ಆಗಲೇ ಗೊತ್ತಾದದ್ದು, ಅವಳಿಗೆ ಬೇಕಾದಷ್ಟು ಅನುಭವ ಇನ್ನೂ ಆಗಿಯೇ ಇರಲಿಲ್ಲ.

ಪದವಿಯ ರಿಯಾಯಿತಿ ಕಳೆದರೆ ಅವಳು ತೋರಿಸಬೇಕಾದದ್ದು ನಾಲ್ಕು ವರ್ಷ, ಅಂದರೆ 48 ತಿಂಗಳು. ನಮ್ಮಲ್ಲಿ ಸೇರಿದ್ದು 2021ರ ಜೂನ್ 1ಕ್ಕೆ. ಮಾರ್ಚ್ ಕೊನೆಗೆ 34 ತಿಂಗಳು. ಅದಕ್ಕೂ ಮೊದಲು ಇನ್ನೊಂದು ಕಂಪನಿಯಲ್ಲಿ ಎರಡು ವರ್ಷ ಇದ್ದಳು, 2019ರ ಜೂನ್‌ನಿಂದ 2021ರ ಮೇವರೆಗೆ. ಅವಳ ಹಾಳೆಯಲ್ಲಿ ಆ 24 ತಿಂಗಳನ್ನೂ ಇಡಿಯಾಗಿ ಸೇರಿಸಿ 58 ಎಂದು ತೋರಿಸಿದ್ದಳು. ಆದರೆ ಅಲ್ಲಿ ಮೊದಲ ವರ್ಷ ಮಾಡಿದ್ದು ಲ್ಯಾಪ್‌ಟಾಪ್ ಕೊಡುವುದು, ಪ್ರಿಂಟರ್ ರಿಪೇರಿಗೆ ಜನರನ್ನು ಕರೆಸುವುದು. ಒಳ್ಳೆಯ ಕೆಲಸವೇ, ಆದರೆ ಎಂಟರಲ್ಲಿ ಯಾವ ವಿಭಾಗಕ್ಕೂ ಸೇರದು. ಎರಡನೇ ವರ್ಷ ವಾರಕ್ಕೆ ಮೂರು ದಿನ ಅವಳನ್ನು ಬೇರೆ ಕೆಲಸಕ್ಕೆ ಹಾಕಿದ್ದರು: ಹೊಸಬರಿಗೆ ಖಾತೆ ತೆರೆಯುವುದು, ಬಿಟ್ಟು ಹೋದವರ ಖಾತೆ ಮುಚ್ಚುವುದು, ಮೂರು ತಿಂಗಳಿಗೊಮ್ಮೆ ಯಾರಿಗೆ ಯಾವ ಫೋಲ್ಡರ್ ನೋಡಲು ಅನುಮತಿ ಇದೆ ಎಂದು ಆಯಾ ವಿಭಾಗದ ಮುಖ್ಯಸ್ಥರ ಜೊತೆ ಕೂತು ತಾಳೆ ನೋಡುವುದು. ಇದು ಗುರುತು ಮತ್ತು ಪ್ರವೇಶ ನಿರ್ವಹಣೆ ಎಂಬ ಐದನೇ ವಿಭಾಗದ ಕೆಲಸ. ಉಳಿದೆರಡು ದಿನ ಮತ್ತೆ ಪ್ರಿಂಟರ್.

ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ ಕನಿಷ್ಠ 35 ಗಂಟೆಯಂತೆ ನಾಲ್ಕು ವಾರ ದುಡಿದರೆ ಒಂದು ತಿಂಗಳ ಪೂರ್ಣಾವಧಿ ಅನುಭವ. ವಾರಕ್ಕೆ 20ರಿಂದ 34 ಗಂಟೆಯಾದರೆ ಅರೆಕಾಲಿಕ, ಅಂಥ 1,040 ಗಂಟೆ ಸೇರಿದರೆ ಆರು ತಿಂಗಳಿಗೆ ಸಮ. ಅವಳದು ಎರಡು ಬಗೆಯ ಕೆಲಸ ಬೆರೆತ ಹುದ್ದೆ. ಸುರಕ್ಷತೆಯ ಪಾಲನ್ನಷ್ಟೇ ತೆಗೆದು ಅರೆಕಾಲಿಕವೆಂದು ಎಣಿಸುವುದೇ ಪ್ರಾಮಾಣಿಕ ಎಂದು ನನಗನ್ನಿಸಿತು. ದಿನಕ್ಕೆ ಎಂಟು ಗಂಟೆಯಂತೆ ಮೂರು ದಿನಕ್ಕೆ 24 ಗಂಟೆ. ರಜೆಗೆಂದು ನಾಲ್ಕು ವಾರ ಬಿಟ್ಟರೂ 48 ವಾರಕ್ಕೆ 1,152. ಆರು ತಿಂಗಳಿಗೆ ಧಾರಾಳವಾಯಿತು. ಅಲ್ಲಿಗೆ 34ಕ್ಕೆ ಆರು ಸೇರಿ ಆದದ್ದು 40. ಇನ್ನೂ ಎಂಟು ತಿಂಗಳು ಕಡಿಮೆ. ಅವು ತುಂಬುವುದು ನವೆಂಬರ್ 30ಕ್ಕೆ. ಅವಳ ಒಂಬತ್ತು ತಿಂಗಳ ಗಡುವು ಡಿಸೆಂಬರ್ ನಡುವಿಗೆ. ಎರಡು ವಾರದ ಅಂತರ.

ಗಡುವು ದಾಟಿದರೆ ಸಂಸ್ಥೆಯ ಅಸೋಸಿಯೇಟ್ ಆಗಿ ಉಳಿದು ಆರು ವರ್ಷದೊಳಗೆ ಅನುಭವ ತುಂಬಿಸಿಕೊಳ್ಳುವ ದಾರಿಯೂ ಇದೆ, ಅಲ್ಲಿಯವರೆಗೆ ಸಿಐಎಸ್‌ಎಸ್‌ಪಿ ಎಂದು ಹೇಳಿಕೊಳ್ಳುವಂತಿಲ್ಲ. ಹಳೆಯ ಕಂಪನಿಯ ಆ ಆರು ತಿಂಗಳು ಲೆಕ್ಕಕ್ಕೆ ಬಾರದಿದ್ದರೆ ಅವಳು 2025ರ ಮೇ ಕೊನೆಯವರೆಗೆ ಕಾಯಬೇಕಿತ್ತು. ಹಾಗಾಗಿ ಇಡೀ ಅರ್ಜಿ ನಾನು ನೋಡಿಯೇ ಇರದ ಆರು ತಿಂಗಳ ಮೇಲೆ ನಿಂತಿತ್ತು.

ನಾನು ಕಂಡ ಭಾಗದ ಪತ್ರವನ್ನು ಡಿಸೆಂಬರ್‌ವರೆಗೆ ಕಾಯಿಸದೆ ಆ ವಾರವೇ ಬರೆದಿಟ್ಟೆ. ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ. ತಿರುಳು ಹೀಗಿತ್ತು: "ಇವರು 2021ರ ಜೂನ್ 1ರಿಂದ ನನ್ನ ತಂಡದಲ್ಲಿ ಪೂರ್ಣಾವಧಿ ಉದ್ಯೋಗಿ, ವಾರಕ್ಕೆ 40 ಗಂಟೆ ಪಾಳಿಯ ಕೆಲಸ. ಅಂದಿನಿಂದಲೂ ಇವರು ನೇರವಾಗಿ ನನಗೇ ವರದಿ ಮಾಡುತ್ತಾರೆ. ಸರ್ವರ್ ಮತ್ತು ಫೈರ್‌ವಾಲ್ ಲಾಗ್‌ಗಳಿಂದ ಬರುವ ಎಚ್ಚರಿಕೆಗಳನ್ನು ಪರಿಶೀಲಿಸುತ್ತಾರೆ, ನಿಜವಾದ ದಾಳಿ ಯಾವುದೆಂದು ನಿರ್ಧರಿಸಿ ಆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ ವರದಿ ಬರೆಯುತ್ತಾರೆ. 2022ರ ಜೂನ್‌ನಿಂದ ಇದರ ಜೊತೆಗೆ ತಿಂಗಳಿಗೊಮ್ಮೆ ಸರ್ವರ್‌ಗಳ ದೋಷ ತಪಾಸಣೆ ನಡೆಸಿ, ದುರಸ್ತಿಯಾಯಿತೇ ಎಂದು ಮತ್ತೆ ಪರೀಕ್ಷಿಸುತ್ತಾರೆ." ಮೊದಲಿನದು ಸುರಕ್ಷತಾ ಕಾರ್ಯಾಚರಣೆ, ಎರಡನೆಯದು ಮೌಲ್ಯಮಾಪನ ಮತ್ತು ಪರೀಕ್ಷೆ. ಈ ವಿಭಾಗಗಳ ಹೆಸರನ್ನು ಕೊನೆಗೆ ಒಂದೇ ಸಾಲಿನಲ್ಲಿ ಬರೆದೆ. ಗ್ರಾಹಕರ ಹೆಸರು, ನಾವು ಬಳಸುವ ಉಪಕರಣ, ಸಿಕ್ಕ ದೋಷಗಳ ವಿವರ ಯಾವುದನ್ನೂ ಹಾಕಲಿಲ್ಲ, ಆ ಗುಟ್ಟು ಹೊರಗೆ ಬಿಡಲು ನನಗೆ ಹಕ್ಕಿಲ್ಲ. "ಶ್ರಮಜೀವಿ", "ಪ್ರತಿಭಾವಂತೆ" ಎಂಬ ಮಾತುಗಳೂ ಇರಲಿಲ್ಲ. ಅವಳು ಎರಡೂ ಹೌದು. ಆದರೆ ಓದುವವರಿಗೆ ಬೇಕಾದದ್ದು ತಾರೀಖು, ಗಂಟೆ, ಕೆಲಸ ಮತ್ತು ಇದು ನನಗೆ ಹೇಗೆ ಗೊತ್ತು ಎಂಬ ಒಂದು ವಾಕ್ಯ. ಕೊನೆಗೆ ನನ್ನ ಹುದ್ದೆ, ಆಫೀಸಿನ ಇಮೇಲ್, ಫೋನ್.

ಲೆಟರ್‌ಹೆಡ್ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಅನೇಕ ಕಂಪನಿಗಳಲ್ಲಿ ಲೆಟರ್‌ಹೆಡ್ ಮೇಲೆ ಪತ್ರ ಕೊಡುವ ಅಧಿಕಾರ ಎಚ್‌ಆರ್‌ಗೆ ಮಾತ್ರ, ಮ್ಯಾನೇಜರ್‌ಗೆ ಇಲ್ಲ. ಎಚ್‌ಆರ್ ಕೊಡುವ ಪತ್ರದಲ್ಲಾದರೋ ಹುದ್ದೆಯ ಹೆಸರು ಮತ್ತು ತಾರೀಖು ಬಿಟ್ಟರೆ ಬೇರೇನೂ ಇರುವುದಿಲ್ಲ. ಹುದ್ದೆಯ ಹೆಸರು "ಸೀನಿಯರ್ ಅಸೋಸಿಯೇಟ್" ಎಂದಿದ್ದರೆ ಅದು ಸುರಕ್ಷತೆಯ ಕೆಲಸವೋ ಲೆಕ್ಕಪತ್ರದ ಕೆಲಸವೋ ಯಾರಿಗೆ ತಿಳಿದೀತು? ನಮ್ಮಲ್ಲಿ ಎರಡು ವಾರ ಓಡಾಡಿದ ಮೇಲೆ ಒಂದು ದಾರಿ ಸಿಕ್ಕಿತು. ತಾರೀಖು, ಹುದ್ದೆ, ಪೂರ್ಣಾವಧಿ ಎಂಬುದನ್ನು ಎಚ್‌ಆರ್ ದೃಢೀಕರಿಸುವುದು, ಅದೇ ಪತ್ರಕ್ಕೆ ಲಗತ್ತಾಗಿ ಕೆಲಸದ ವಿವರ ನಾನು ಬರೆದು ಸಹಿ ಮಾಡುವುದು.

ಹಳೆಯ ಕಂಪನಿಯದು ಇದಕ್ಕಿಂತ ಗೋಜಲು. ಅವಳ ಬಳಿ ಇದ್ದದ್ದು ಕೆಲಸ ಬಿಡುವಾಗ ಕೊಟ್ಟ ರಿಲೀವಿಂಗ್ ಲೆಟರ್ ಮಾತ್ರ, ಅದರಲ್ಲಿದ್ದ ಹುದ್ದೆ "ಸಪೋರ್ಟ್ ಎಂಜಿನಿಯರ್". ಅಂದಿನ ಮೇಲಧಿಕಾರಿಯೂ ಆ ಕಂಪನಿ ಬಿಟ್ಟು ಹೋಗಿದ್ದರು. "ಸರ್, ಅದನ್ನೂ ನೀವೇ ಸೇರಿಸಿ ಬರೆದುಬಿಡಿ, ಹೇಗೂ ನಾನು ಸುಳ್ಳು ಹೇಳ್ತಿಲ್ವಲ್ಲ" ಎಂದಳು. ಅವಳು ಸುಳ್ಳು ಹೇಳುತ್ತಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ನಾನು ಕಾಣದ್ದನ್ನು ಕಂಡೆನೆಂದು ಬರೆದರೆ ಸುಳ್ಳು ನನ್ನದಾಗುತ್ತದೆ. ಸದಸ್ಯರಾಗುವಾಗ ಒಪ್ಪಿಕೊಂಡ ನೀತಿ ಸಂಹಿತೆಯಲ್ಲಿ ಪ್ರಾಮಾಣಿಕತೆಯ ಕಲಮು ಇದೆ, ಅದನ್ನು ಮುರಿದವರ ಪ್ರಮಾಣಪತ್ರ ಹೋಗಬಹುದು. ನನ್ನದು ಹೋದರೂ ಹೋಗಲಿ, ತಪಾಸಣೆಯಲ್ಲಿ ಆ ಸಾಲು ಬಿದ್ದರೆ ಅವಳ ನಿಜವಾದ ನಲವತ್ತೆರಡು ತಿಂಗಳ ಮೇಲೂ ಅನುಮಾನ ಬರುತ್ತದೆ.

ಹಳೆಯ ಮೇಲಧಿಕಾರಿಯನ್ನು ಅವಳೇ ಹುಡುಕಿ ಫೋನ್ ಮಾಡಿದಳು. ಅವರಿಗೆ ಅವಳ ನೆನಪಿತ್ತು, ಎಷ್ಟು ದಿನ ಯಾವ ಕೆಲಸ ಎಂಬುದು ಮರೆತಿತ್ತು. ಖಾತೆ ತಾಳೆ ನೋಡುವ ಸಭೆಗಳು ಯಾವ ತಿಂಗಳಲ್ಲಿ ಆಗುತ್ತಿದ್ದವು, ವಾರದ ಯಾವ ಮೂರು ದಿನ ಎಂದು ಅವಳು ನೆನಪಿಸುತ್ತ ಹೋದಂತೆ ಅವರಿಗೂ ಒಂದೊಂದೇ ನೆನಪಾಯಿತು. ಆ ಕಂಪನಿಯ ಲೆಟರ್‌ಹೆಡ್ ಬಳಸುವ ಹಕ್ಕು ಅವರಿಗಿರಲಿಲ್ಲ. ತಮ್ಮ ಹೆಸರಿನಲ್ಲೇ, ಆಗ ತಾವು ಯಾವ ಹುದ್ದೆಯಲ್ಲಿದ್ದರು, ಈಗ ಎಲ್ಲಿದ್ದಾರೆ ಎಂದು ಹೇಳಿ ಪತ್ರ ಬರೆದುಕೊಟ್ಟರು. ಅದರಲ್ಲಿ "2020ರ ಜೂನ್‌ನಿಂದ 2021ರ ಮೇವರೆಗೆ, ವಾರಕ್ಕೆ ಸುಮಾರು ಮೂರು ದಿನ" ಎಂದಿತ್ತು. "ಸುಮಾರು" ಎಂಬ ಪದ ತೆಗೆಸಬೇಕೇ ಎಂದು ಅವಳು ಕೇಳಿದಳು. ಬೇಡ, ಹಾಗೇ ಇರಲಿ ಎಂದೆ. ಮೂರು ವರ್ಷದ ಹಿಂದಿನದನ್ನು ನೆನೆದು ಬರೆಯುವವರ ಮಾತು ಇರಬೇಕಾದದ್ದೇ ಹಾಗೆ. ತಾರೀಖಿಗೆ ಹೇಗೂ ಕಂಪನಿಯ ರಿಲೀವಿಂಗ್ ಲೆಟರ್ ಇತ್ತು, ಎರಡನ್ನೂ ಜೋಡಿಸಿದೆವು.

ಆ ಪತ್ರ ಓದಿ, ಅವರೊಡನೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದ ಮೇಲೆ ಆ ಆರು ತಿಂಗಳಿಗೂ ಅನುಮೋದಕನಾಗಿ ನಿಲ್ಲಲು ನನಗೆ ಅಡ್ಡಿ ಕಾಣಲಿಲ್ಲ. ಡಿಸೆಂಬರ್ ಮೊದಲ ವಾರ ನನ್ನ ಪತ್ರದ ತಾರೀಖನ್ನು ನವೆಂಬರ್ 30ರವರೆಗೆ ಎಂದು ಬದಲಿಸಿ ಎಚ್‌ಆರ್‌ನಿಂದ ಮತ್ತೆ ಸಹಿ ಹಾಕಿಸಿದೆವು. ಅವಳು ಅರ್ಜಿಯಲ್ಲಿ ಎಂಟರ ಬದಲು ಮೂರು ವಿಭಾಗಗಳನ್ನು ಮಾತ್ರ ಗುರುತಿಸಿ, ನನ್ನ ಸದಸ್ಯ ಸಂಖ್ಯೆ ಬರೆದು ಕಳಿಸಿದಳು. ನಾನು ನನ್ನ ಖಾತೆಗೆ ಹೋಗಿ ಅವಳು ಬರೆದದ್ದನ್ನು ಪತ್ರಗಳ ಜೊತೆ ಸಾಲುಸಾಲಾಗಿ ತಾಳೆ ನೋಡಿದೆ. ಒಂದು ಕಡೆ 2020ರ ಬದಲು 2019 ಎಂದು ಬಿದ್ದಿತ್ತು, ಹೇಳಿ ತಿದ್ದಿಸಿದೆ. ಆಮೇಲೆ ಅನುಮೋದಿಸಿದೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಪಾಳಿ ಮುಗಿಸಿ ಹೊರಟವಳು ನನ್ನ ಮೇಜಿನ ಬಳಿ ನಿಂತು ಮೊಬೈಲ್ ಮುಂದೆ ಹಿಡಿದಳು. ಸಂಸ್ಥೆಯ ಇಮೇಲ್ ಬಂದಿತ್ತು.