ಹದಿನೆಂಟು ತಿಂಗಳ ಕಡಲ ಲೆಕ್ಕ

ದೊಡ್ಡ ಸರಕು ಹಡಗುಗಳಲ್ಲಿ ರಾತ್ರಿ ಎಂಟರಿಂದ ಹನ್ನೆರಡರವರೆಗಿನ ಕಾವಲು ಸಾಮಾನ್ಯವಾಗಿ ಥರ್ಡ್ ಆಫೀಸರ್ ಪಾಲಿಗೆ ಬರುತ್ತದೆ. ಕ್ಯಾಪ್ಟನ್ ಕೆಳಗೆ ತಮ್ಮ ಕೋಣೆಯಲ್ಲಿರುತ್ತಾರೆ. ಬ್ರಿಜ್ ಎಂದು ಕರೆಯುವ ಮೇಲಿನ ಚಾಲನಾ ಕೊಠಡಿಯಲ್ಲಿ ಹಡಗಿನ ಹೊಣೆ ಹೊತ್ತು ನಿಂತವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಪಿಯುಸಿ ಮುಗಿಸಿ ನಾಲ್ಕೈದು ವರ್ಷವಾಗಿದ್ದರೆ ಹೆಚ್ಚು. ಇಷ್ಟು ಬೇಗ ಇಷ್ಟು ದೊಡ್ಡ ಹೊಣೆ ಕೈಗೆ ಬರುವ ಉದ್ಯೋಗಗಳು ಕಡಿಮೆ. ಆ ನಾಲ್ಕೈದು ವರ್ಷ ಹೇಗೆ ಕಳೆಯುತ್ತದೆ ಎಂಬುದು ಮಾತ್ರ ಈ ದಾರಿ ಹಿಡಿಯಹೊರಟ ಎಷ್ಟೋ ಮನೆಗಳಿಗೆ ಮೊದಲೇ ಗೊತ್ತಿರುವುದಿಲ್ಲ.

ಬಾಗಿಲು ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ. 2008ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಕರ್ನಾಟಕದಲ್ಲಿ ಕ್ಯಾಂಪಸ್ ಇಲ್ಲ. ಮಂಗಳೂರಿನ ಹುಡುಗರೂ ಕೊಚ್ಚಿಗೋ ಮುಂಬಯಿಗೋ ಹೋಗಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು, ಇಂಗ್ಲಿಷಿನಲ್ಲಿ ನಿಗದಿತ ಅಂಕ ಇರಬೇಕು. ಡೆಕ್ ವಿಭಾಗಕ್ಕೆ ಮುಖ್ಯವಾಗಿ ಎರಡು ದಾರಿ: ಮೂರು ವರ್ಷದ ಬಿಎಸ್‌ಸಿ ನಾಟಿಕಲ್ ಸೈನ್ಸ್, ಇಲ್ಲವೇ ಡಿಎನ್‌ಎಸ್ ಎಂದೇ ಎಲ್ಲರೂ ಕರೆಯುವ ಒಂದು ವರ್ಷದ ಡಿಪ್ಲೊಮಾ. ಎಂಜಿನ್ ವಿಭಾಗದ ದಾರಿಯೇ ಬೇರೆ, ಪರೀಕ್ಷೆಗಳೂ ಬೇರೆ. ಇಲ್ಲಿ ಡೆಕ್ ಮಾತಷ್ಟೇ.

ಶುಲ್ಕ ಕಟ್ಟುವ ಮೊದಲೇ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು. ಬಣ್ಣದ ಚುಕ್ಕಿಗಳ ನಡುವೆ ಅಡಗಿರುವ ಅಂಕಿ ಓದಿಸುವ ಇಶಿಹಾರ ಪರೀಕ್ಷೆಯಲ್ಲಿ ವರ್ಣಾಂಧತೆ ಕಂಡುಬಂದರೆ ಡೆಕ್ ದಾರಿ ಅಲ್ಲಿಗೇ ಮುಚ್ಚಿತು. ಕಾರಣ ಸರಳ. ರಾತ್ರಿ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಉರಿಯುತ್ತವೆ. ಎದುರಿನ ಹಡಗು ಯಾವ ಕಡೆಗೆ ಹೊರಟಿದೆ ಎಂದು ಬರಿಗಣ್ಣಿಗೆ ಹೇಳುವುದು ಅವೇ. ಇಲಾಖೆಯ ಮಾನ್ಯತೆ ಪಡೆದ ವೈದ್ಯರ ಬಳಿ ಹೋದರೆ ಒಂದೇ ದಿನದಲ್ಲಿ ತೀರ್ಮಾನವಾಗುವ ಸಂಗತಿ ಇದು.

ಕಾಲೇಜು ಮುಗಿದ ಮೇಲೆ ಶುರುವಾಗುವುದು 'ಸೀ ಟೈಮ್'. ಡಿಎನ್‌ಎಸ್ ಮಾಡಿದವರು ಕೆಡೆಟ್ ಆಗಿ 18 ತಿಂಗಳು ಹಡಗಿನಲ್ಲಿರಬೇಕು, ಬಿಎಸ್‌ಸಿಯವರಿಗೆ 12 ತಿಂಗಳು. ಮೇಲ್ನೋಟಕ್ಕೆ ಒಂದೂವರೆ ವರ್ಷದ ಮಾತು. ಆದರೆ ಲೆಕ್ಕಕ್ಕೆ ಬರುವುದು ಹಡಗು ಹತ್ತಿದ ದಿನದಿಂದ ಇಳಿದ ದಿನದವರೆಗಿನ ಅವಧಿ ಮಾತ್ರ. ಸಿಡಿಸಿ ಎಂಬ ನಾವಿಕರ ಸೇವಾ ಪುಸ್ತಕದಲ್ಲಿ ಸೈನ್ ಆನ್, ಸೈನ್ ಆಫ್ ದಾಖಲಾಗಿರಬೇಕು. ರಜೆಯೂ ಸೇರದು, ಕರೆಗಾಗಿ ಕಾದ ದಿನಗಳೂ ಸೇರವು.

ಉದಾಹರಣೆಗೆ, 2025ರ ಆಗಸ್ಟಿನಲ್ಲಿ ಡಿಎನ್‌ಎಸ್ ಸೇರಿ 2026ರ ಜುಲೈಗೆ ಮುಗಿಸಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಹಡಗು ಸಿಗಲು ನಾಲ್ಕು ತಿಂಗಳು ಹಿಡಿದು ಡಿಸೆಂಬರಿನಲ್ಲಿ ಹತ್ತುತ್ತಾಳೆ. ಏಳು ತಿಂಗಳ ಕರಾರು ಮುಗಿಸಿ ಮೂರು ತಿಂಗಳು ಮನೆಯಲ್ಲಿರುತ್ತಾಳೆ. ಮತ್ತೆ ಏಳು ತಿಂಗಳು ಕಡಲು, ಮೂರು ತಿಂಗಳು ಮನೆ. ಕೊನೆಗೆ ಇನ್ನು ನಾಲ್ಕು ತಿಂಗಳು. ಹದಿನೆಂಟು ತಿಂಗಳು ತುಂಬುವ ಹೊತ್ತಿಗೆ 2028ರ ನವೆಂಬರ್ ಮುಗಿದಿರುತ್ತದೆ. ಆಮೇಲೆ ತಯಾರಿ ತರಗತಿ, ರೇಡಾರ್ ಮತ್ತು ರೇಡಿಯೊ ಸಂವಹನದ ಕಿರು ಕೋರ್ಸುಗಳು, ಅರ್ಜಿ, ಪರೀಕ್ಷೆ ಎಂದು ಅರ್ಧ ವರ್ಷಕ್ಕೂ ಮಿಕ್ಕಿ ಹೋಗುತ್ತದೆ. ಅಂತೂ 2029ರ ನಡುಭಾಗ. ಇದು ಎಲ್ಲವೂ ಸರಾಗವಾಗಿ ನಡೆದರೆ! ಕಂಪನಿಯ ಪ್ರಾಯೋಜಕತ್ವವಿಲ್ಲದೆ ಕಾಲೇಜು ಸೇರಿದವರಿಗೆ ಆ ಮೊದಲ ನಾಲ್ಕು ತಿಂಗಳ ಕಾಯುವಿಕೆ ವರ್ಷ ದಾಟುವುದೂ ಉಂಟು. ಕೋರ್ಸಿಗಿಂತ ಪ್ರಾಯೋಜಕತ್ವವನ್ನು ಮೊದಲು ಹುಡುಕಬೇಕು ಎಂದು ಹಿರಿಯ ನಾವಿಕರು ಹೇಳುವುದು ಇದಕ್ಕೇ.

ಹಡಗಿನಲ್ಲಿ ಕೆಡೆಟ್‌ನ ದಿನಗಳಲ್ಲಿ ಬಿಳಿ ಸಮವಸ್ತ್ರಕ್ಕಿಂತ ಗ್ರೀಸ್ ಮೆತ್ತಿದ ಬಾಯ್ಲರ್ ಸೂಟೇ ಹೆಚ್ಚು. ಸುತ್ತಿಗೆಯಿಂದ ತುಕ್ಕು ಕುಟ್ಟಿ ಬಣ್ಣ ಬಳಿಯಬೇಕು, ಬಂದರಿನಲ್ಲಿ ದಪ್ಪ ಹಗ್ಗ ಎಳೆಯಬೇಕು, ಟ್ಯಾಂಕಿನ ಕೊಳವೆಗೆ ಅಳತೆ ಪಟ್ಟಿ ಇಳಿಬಿಟ್ಟು ನೀರೆಷ್ಟಿದೆ ಎಂದು ನೋಡಿ ಬರೆದಿಡಬೇಕು. ಈ ಕೆಲಸವೂ ಕಲಿಕೆಯೇ. ಆದರೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಈ ಅವಧಿಯಲ್ಲಿ ಕನಿಷ್ಠ ಆರು ತಿಂಗಳು ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬ್ರಿಜ್ ಕಾವಲು ಮಾಡಿರಬೇಕು, ತರಬೇತಿ ದಾಖಲೆ ಪುಸ್ತಕದ ಒಂದೊಂದು ಕೆಲಸಕ್ಕೂ ಅಧಿಕಾರಿಯ ಸಹಿ ಬಿದ್ದಿರಬೇಕು. ಎಡವುವುದು ಇಲ್ಲೇ. ಕೆಲವು ಹಡಗುಗಳಲ್ಲಿ ಕೆಡೆಟ್ ಎಂದರೆ ಅಗ್ಗದ ಕೂಲಿ. ಬ್ರಿಜ್ ಹತ್ತಲು ಬಿಡುವೇ ಕೊಡುವುದಿಲ್ಲ. ಇಳಿಯುವ ಹಿಂದಿನ ದಿನ ಗಡಿಬಿಡಿಯಲ್ಲಿ ಹಾಕಿಸಿಕೊಂಡ ಸಹಿಗಳನ್ನು ಪರೀಕ್ಷಕರು ಸುಲಭವಾಗಿ ಪತ್ತೆ ಹಚ್ಚುತ್ತಾರೆ: ಇಡೀ ಪುಸ್ತಕದಲ್ಲಿ ಒಂದೇ ಪೆನ್ನಿನ ಶಾಯಿ.

ಪರೀಕ್ಷೆಯ ಹೆಸರು ಸೆಕೆಂಡ್ ಮೇಟ್. ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಅಡಿ ನಡೆಯುವ ಇದರಲ್ಲಿ ಲಿಖಿತ ಭಾಗಕ್ಕಿಂತ ಮೌಖಿಕವೇ ಅಭ್ಯರ್ಥಿಗಳ ನಿದ್ದೆಗೆಡಿಸುವುದು. ಪರೀಕ್ಷಕರು ಮೇಜಿನ ಮೇಲೆ ಪುಟ್ಟ ಹಡಗಿನ ಮಾದರಿ ಇಟ್ಟು ಪ್ರಶ್ನೆ ಶುರುಮಾಡುತ್ತಾರೆ: ನಿಮ್ಮ ಹಡಗು ನೇರ ಉತ್ತರಕ್ಕೆ ಹೋಗುತ್ತಿದೆ, ಬಲಮುಂಭಾಗದಲ್ಲಿ 40 ಡಿಗ್ರಿಗೆ ಇನ್ನೊಂದು ಯಾಂತ್ರಿಕ ಹಡಗಿನ ಕೆಂಪು ದೀಪ ಕಾಣುತ್ತಿದೆ, ಏನು ಮಾಡುತ್ತೀರಿ?

ಕೂಡಲೇ ಹಡಗು ತಿರುಗಿಸುತ್ತೇನೆ ಎಂದರೆ ಸಾಲದು. ದಿಕ್ಸೂಚಿಯಲ್ಲಿ ಆ ದೀಪದ ದಿಕ್ಕನ್ನು ಬಿಟ್ಟು ಬಿಟ್ಟು ಅಳೆಯಬೇಕು. ಮೂರು ನಿಮಿಷ ಬಿಟ್ಟು ನೋಡಿದರೂ 40, ಆರು ನಿಮಿಷಕ್ಕೂ 40, ಅಂತರ ಮಾತ್ರ ಕಡಿಮೆಯಾಗುತ್ತಿದೆ ಎಂದಾದರೆ ಎರಡೂ ಹಡಗು ಒಂದೇ ಬಿಂದುವಿನತ್ತ ಸಾಗುತ್ತಿವೆ. ಕಾಣುತ್ತಿರುವುದು ಕೆಂಪು, ಎಂದರೆ ಅದರ ಎಡಬದಿ. ಅದು ಬಲದಿಂದ ಎಡಕ್ಕೆ ದಾಟುತ್ತಿದೆ. 1972ರ ಘರ್ಷಣೆ ತಡೆ ನಿಯಮಗಳ ಹದಿನೈದನೆಯದರ ಪ್ರಕಾರ, ಇನ್ನೊಂದು ಹಡಗು ಯಾರ ಬಲಬದಿಯಲ್ಲಿದೆಯೋ ಅವರು ದಾರಿ ಬಿಡಬೇಕು, ಅದರ ಮುಂದಿನಿಂದ ನುಗ್ಗಬಾರದು. ಆದ್ದರಿಂದ ಬಲಕ್ಕೆ ತಿರುಗಿ ಅದರ ಹಿಂದಿನಿಂದ ಸಾಗುವುದು, ಒಂದು ಚಿಕ್ಕ ಸೀಟಿ ಊದಿ ಅದನ್ನು ತಿಳಿಸುವುದು. ಐದೇ ಡಿಗ್ರಿ ತಿರುಗಿಸುತ್ತೇನೆ ಎಂದ ಅಭ್ಯರ್ಥಿಯ ಉತ್ತರ ಅಲ್ಲಿಗೇ ಕೆಟ್ಟಿತು. ಅಷ್ಟು ಸಣ್ಣ ತಿರುವು ಎದುರಿನವರ ಕಣ್ಣಿಗೇ ಬೀಳುವುದಿಲ್ಲ. ಈ ನಿಯಮಗಳಲ್ಲಿ ತಡವರಿಸಿದವರು ಬೇರೆ ವಿಷಯ ಎಷ್ಟು ಬಲ್ಲವರಾದರೂ ಮತ್ತೆ ಬರಬೇಕಾಗುತ್ತದೆ.

ಪಾಸಾದವರಿಗೆ ಸಿಗುವುದು ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ, ನಾವಿಕರ ಮಾತಿನಲ್ಲಿ ಸಿಒಸಿ. ಹೆಸರು ಸೆಕೆಂಡ್ ಮೇಟ್ ಆದರೂ ಮೊದಲ ಕೆಲಸ ಥರ್ಡ್ ಆಫೀಸರ್‌ನದೇ. ಪ್ರಮಾಣಪತ್ರ ಅರ್ಹತೆಯನ್ನಷ್ಟೇ ಹೇಳುತ್ತದೆ, ಹುದ್ದೆ ಕೊಡುವುದು ಕಂಪನಿ. ಹಾಗಾಗಿ ಚೀಫ್ ಮೇಟ್ ಪ್ರಮಾಣಪತ್ರ ಇಟ್ಟುಕೊಂಡು ಇನ್ನೂ ಸೆಕೆಂಡ್ ಆಫೀಸರ್ ಆಗಿಯೇ ದುಡಿಯುವವರೂ ಇದ್ದಾರೆ.

ಮುಂದಿನ ಮೆಟ್ಟಿಲುಗಳಲ್ಲೂ ಕಡಲ ದಿನಗಳದೇ ಲೆಕ್ಕ. ಅಂತಾರಾಷ್ಟ್ರೀಯ ಒಪ್ಪಂದದಂತೆ ಚೀಫ್ ಮೇಟ್ ಆಗಲು ಕಾವಲು ಅಧಿಕಾರಿಯಾಗಿ ಕನಿಷ್ಠ 12 ತಿಂಗಳು ಬೇಕು. ಮಾಸ್ಟರ್, ಅಂದರೆ ಕ್ಯಾಪ್ಟನ್ ಆಗಲು 36 ತಿಂಗಳು; ಅದರಲ್ಲಿ ವರ್ಷವಿಡೀ ಚೀಫ್ ಮೇಟ್ ಆಗಿದ್ದವರಿಗೆ 24 ಸಾಕು. ದೇಶದ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ. ಪ್ರಮಾಣಪತ್ರವನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಮಗನನ್ನೋ ಮಗಳನ್ನೋ ಈ ದಾರಿಗೆ ಕಳಿಸುವವರು ಒಂದು ಮಾತು ನೆನಪಿಡಬೇಕು. ಹಡಗಿನ ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದನ್ನು 2006ರ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ ನಿಷೇಧಿಸಿದೆ. ಭಾರತದಲ್ಲಿ ನಾವಿಕರನ್ನು ನೇಮಿಸುವ ಏಜೆನ್ಸಿಗಳಿಗೆ ಆರ್‌ಪಿಎಸ್‌ಎಲ್ ಪರವಾನಗಿ ಬೇಕು. ಏಜೆಂಟ್ ಲಕ್ಷಗಳ ಮಾತು ತೆಗೆದರೆ ಮೊದಲು ಆ ಪರವಾನಗಿಯ ಸಂಖ್ಯೆ ಕೇಳಿ, ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಇದ್ದರೂ ಕೆಲಸಕ್ಕಾಗಿ ಹಣ ಕೊಡಬೇಡಿ.