ಫೋನ್ ಮಾಡಬೇಕು, ಆದರೆ ಯಾರು?

ಅಪಾರ್ಟ್‌ಮೆಂಟ್ ಸಂಘದ ಸಭೆಯ ಟಿಪ್ಪಣಿ ಸಾಮಾನ್ಯವಾಗಿ ಹೀಗಿರುತ್ತದೆ: “ಟ್ಯಾಂಕರ್ ಬಿಲ್ ಜಾಸ್ತಿಯಾಗಿದೆ ಅಂದರು ಖಜಾಂಚಿ, ಲಿಫ್ಟ್ ಮತ್ತೆ ಕೆಟ್ಟಿದೆ, ಕಂಪನಿಗೆ ಫೋನ್ ಮಾಡಬೇಕು, ನೀರಿನ ಮೀಟರ್ ವಿಷಯ ಮುಂದೆ ನೋಡೋಣ ಎಂದಾಯಿತು, ಲಿಫ್ಟ್ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತೆ, ಹೊಸ ದರಪಟ್ಟಿಯನ್ನು ಕಾರ್ಯದರ್ಶಿ 10ರೊಳಗೆ ತರಿಸುತ್ತಾರೆ.”

ಮಾತಾಡಿದ ಕ್ರಮವನ್ನು ಮೊದಲು ಮರೆತುಬಿಡಿ. ಲಿಫ್ಟಿನ ಮಾತು ಎರಡು ಕಡೆ ಚದುರಿದೆ. ಅದನ್ನು ಒಂದೇ ಶೀರ್ಷಿಕೆಯಡಿ ತನ್ನಿ. ಆಮೇಲೆ ಬರಿಯ ಮಾಹಿತಿ ಯಾವುದು, ಮಾಡಬೇಕಾದ ಕೆಲಸ ಯಾವುದು ಎಂದು ಬೇರ್ಪಡಿಸಿ.

ಲಿಫ್ಟ್
ಮತ್ತೆ ಕೆಟ್ಟಿದೆ. ಒಪ್ಪಂದ ಮಾರ್ಚ್‌ಗೆ ಮುಕ್ತಾಯ.
- ಹೊಸ ದರಪಟ್ಟಿ ತರಿಸುವುದು: ಕಾರ್ಯದರ್ಶಿ, 10ರೊಳಗೆ
- ಕಂಪನಿಗೆ ಫೋನ್: ಹೊಣೆ ನಿಗದಿಯಾಗಿಲ್ಲ

ನೀರು
ಟ್ಯಾಂಕರ್ ಬಿಲ್ ಹೆಚ್ಚಾಗಿದೆ (ಖಜಾಂಚಿ). ಮೀಟರ್ ವಿಷಯ ಮುಂದಕ್ಕೆ.

‘ನೋಡೋಣ’ ಎಂಬುದು ಕೆಲಸವಲ್ಲ, ಮುಂದೂಡಿಕೆ. ಅದಕ್ಕೆ ಬುಲೆಟ್ ಹಾಕಬೇಡಿ. ಖಜಾಂಚಿ ಬಿಲ್ಲಿನ ಮಾತೆತ್ತಿದ ಮಾತ್ರಕ್ಕೆ ನೀರಿನ ಹೊಣೆಯೂ ಅವರದಾಗುವುದಿಲ್ಲ. ನಿಜವಾದ ಅಪಾಯ ‘ಮಾಡಬೇಕು’ ಎಂಬ ಕರ್ತೃವಿಲ್ಲದ ಕ್ರಿಯಾಪದದಲ್ಲಿದೆ. ಅಂದಾಜಿನಲ್ಲಿ ಕಾರ್ಯದರ್ಶಿಯ ತಲೆಗೆ ಕಟ್ಟಿದರೆ, ಅವರು ಒಪ್ಪದ ಕೆಲಸ ದಾಖಲೆಗೆ ಸೇರಿಬಿಡುತ್ತದೆ. ಜಾಗ ಖಾಲಿ ಬಿಟ್ಟು, ಟಿಪ್ಪಣಿ ಹಂಚುವ ಮೊದಲೇ ಸಭೆಗೆ ಬಂದವರನ್ನು ಕೇಳಿ ಒಬ್ಬರ ಹೆಸರು ಬರೆಯಿರಿ. ‘ಸಮಿತಿ’ ಎಂದು ಮಾತ್ರ ಬರೆಯಬೇಡಿ.