ಮಸ್ಕಿಯಲ್ಲಿ ಇಳಿಯದವರು ಏಕೆ ಕಾಯಬೇಕು?

ಅಭ್ಯಾಸ ಬೋಧನೆಗೆ ಸಿಂಧನೂರಿನ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಹೋದಾಗ, ಜಾಲಾಕೃತಿ ಕಲಿಸಲು ಬೆಂಗಳೂರಿನ ನಗರ ಬಸ್ ಮಾರ್ಗಗಳ ನಕ್ಷೆ ಒಯ್ದಿದ್ದೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸುವುದನ್ನು ವಿವರಿಸಿದೆ. ಮಕ್ಕಳು ಸುಮ್ಮನೆ ಕೇಳಿಸಿಕೊಂಡರು. ನಿಲ್ದಾಣವೆಂದರೆ ಬಿಂದು, ದಾರಿಯೆಂದರೆ ಗೆರೆ ಎಂಬಷ್ಟನ್ನು ಹೇಳಿ ನಕ್ಷೆ ಮಡಚಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ರಜೆಗೆ ಮುದಗಲ್ಲಿನ ಅಜ್ಜಿಯ ಮನೆಗೆ ಹೋಗುತ್ತಾಳೆಂದು ತಿಳಿದು, ಅವಳ ದಾರಿಯನ್ನೇ ಹಲಗೆಗೆ ಇಳಿಸಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್: ನಾಲ್ಕು ಬಿಂದು. ಮಕ್ಕಳು ಹೇಳಿದ ಅಂದಾಜು ನಿಮಿಷಗಳನ್ನೇ ಗೆರೆಗಳ ಮೇಲೆ ಬರೆದೆ. ಸಿಂಧನೂರಿನಿಂದ ಮಸ್ಕಿಗೆ 40, ಮಸ್ಕಿಯಿಂದ ಲಿಂಗಸುಗೂರಿಗೆ 45, ಅಲ್ಲಿಂದ ಮುದಗಲ್ಲಿಗೆ 30. ಮಸ್ಕಿಯಿಂದ ನೇರ ಮುದಗಲ್ಲಿಗೆ 50. ಕೂಡಿದರೆ ಮಸ್ಕಿಯಿಂದ ನೇರ ಹೋದರೆ 90, ಲಿಂಗಸುಗೂರು ಬಳಸಿದರೆ 115. ಆ ಹುಡುಗಿ ತಲೆಯಾಡಿಸಲಿಲ್ಲ. ಮಸ್ಕಿಯಲ್ಲಿ ಮುದಗಲ್ ಬಸ್ಸಿಗೆ ಸುಮಾರು 50 ನಿಮಿಷ ಕಾಯಬೇಕು, ಲಿಂಗಸುಗೂರಿನಲ್ಲಾದರೆ ಹತ್ತೇ ನಿಮಿಷ ಎಂದಳು.

ನಾನು ಮಸ್ಕಿ ಬಿಂದುವಿನ ಪಕ್ಕ 50 ಎಂದು ಬರೆದೆ. ಅವಳು ತಕ್ಷಣ, "ಸರ್, ಲಿಂಗಸುಗೂರು ಬಸ್ಸಿನ್ಯಾಗ ಇದ್ರ ನಾ ಮಸ್ಕ್ಯಾಗ ಇಳಿಯೋದೇ ಇಲ್ಲಲ್ರಿ, ಕಾಯೋದ್ಯಾಕ?" ಎಂದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ.

ತಪ್ಪು ನನ್ನದೇ. ಕಾಯುವಿಕೆ ಊರಿಗೆ ಸೇರಿದ್ದಲ್ಲ, ಬಸ್ ಬದಲಿಸುವುದಕ್ಕೆ ಸೇರಿದ್ದು. ಆದ್ದರಿಂದ ಮಸ್ಕಿಯನ್ನು ಎರಡು ಬಿಂದುಗಳಾಗಿ ಒಡೆದೆವು: 'ಲಿಂಗಸುಗೂರು ಬಸ್ಸಿನಲ್ಲಿರುವ ಮಸ್ಕಿ' ಮತ್ತು 'ಮುದಗಲ್ ಬಸ್ಸಿನಲ್ಲಿರುವ ಮಸ್ಕಿ'. ಇವುಗಳ ನಡುವೆ 50ರ ಗೆರೆ. ಲಿಂಗಸುಗೂರನ್ನೂ ಹಾಗೆಯೇ ಒಡೆದು 10ರ ಗೆರೆ ಎಳೆದೆವು.

ಆಮೇಲೆ 1959ರಲ್ಲಿ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಪ್ರಕಟಿಸಿದ ಕ್ರಮ ಹಿಡಿದೆವು. ಇನ್ನೂ ಖಚಿತವಾಗದ ಬಿಂದುಗಳಲ್ಲಿ ಕಡಿಮೆ ನಿಮಿಷದ್ದನ್ನು ಖಚಿತ ಮಾಡಿ, ಅಲ್ಲಿಂದ ಮುಂದಿನವಕ್ಕೆ ಕೂಡುತ್ತ ಹೋಗುವುದು. ಮಸ್ಕಿ (ಲಿಂಗಸುಗೂರು ಬಸ್) 40ಕ್ಕೆ ಖಚಿತವಾಯಿತು, ಲಿಂಗಸುಗೂರು 85ಕ್ಕೆ, ಮಸ್ಕಿ (ಮುದಗಲ್ ಬಸ್) 90ಕ್ಕೆ. ಈ ಕೊನೆಯದರಿಂದ ಮುದಗಲ್ಲಿಗೆ 140 ಎಂದು ಬರೆದದ್ದೇ ತಡ, ಅರ್ಧ ತರಗತಿ "ಉತ್ತರ ಬಂತು" ಎಂದಿತು. ಇದು ಎಲ್ಲ ತರಗತಿಯಲ್ಲೂ ಆಗುವ ತಪ್ಪು. ಆ 140 ಪೆನ್ಸಿಲಿನ ಬರಹ. ಬಾಕಿಯಿದ್ದವುಗಳಲ್ಲಿ ಅದೇ ಚಿಕ್ಕದಾಗುವವರೆಗೆ ಖಚಿತವಲ್ಲ. ಬಸ್ ಬದಲಿಸಿದ ಲಿಂಗಸುಗೂರಿನ 95 ಇನ್ನೂ ಬಾಕಿಯಿತ್ತು. ಅದಕ್ಕೆ 30 ಕೂಡಿದರೆ 125. 140 ಅಳಿಸಿ 125 ಬರೆದೆವು. ಹುಡುಗಿ ರಜೆಗೆ ಹೋಗುವ ದಾರಿಯೂ ಅದೇ.

ಗಂಟೆ ಹೊಡೆಯುವ ಹೊತ್ತಿಗೆ ಮುಂದಿನ ಬೆಂಚಿನವನೊಬ್ಬ, "ಮುದಗಲ್ ಬಸ್ ಮಸ್ಕ್ಯಾಗ ನಿಂತೇ ಇದ್ರ?" ಎಂದ. 50ರ ಜಾಗದಲ್ಲಿ ಯಾವ ಸಂಖ್ಯೆಯವರೆಗೆ ಮಸ್ಕಿಯ ನೇರ ದಾರಿಯೇ ಲಾಭ ಎಂದು ನಾನು ತಿರುಗಿ ಕೇಳಿದೆ. ಮರುದಿನ ಆ ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಬಂದಿದ್ದಳು: 35ಕ್ಕಿಂತ ಕಡಿಮೆ.